ಸಾರ್ವಜನಿಕ ಸೇವೆಗಳ ಖಾಸಗೀಕರಣದ ಹಂಚಿಕೆಯ ಪರಿಣಾಮಗಳು

ಸಾರ್ವಜನಿಕ ಸೇವೆಗಳ ಖಾಸಗೀಕರಣದ ಹಂಚಿಕೆಯ ಪರಿಣಾಮಗಳು ಎಂದರೆ, ಕುಡಿಯುವ ನೀರು, ಒಳಚರಂಡಿ, ವಿದ್ಯುತ್ ಮೊದಲಾದ ಸೇವೆಗಳು ಸರ್ಕಾರದ ಕೈಯಿಂದ ಖಾಸಗಿ ಸಂಸ್ಥೆಗಳ ಕೈಗೆ ಹೋದಾಗ ಉಂಟಾಗುವ ಲಾಭ ಮತ್ತು ನಷ್ಟಗಳು ಸಮಾಜದ ಬೇರೆ ಬೇರೆ ವರ್ಗಗಳ ನಡುವೆ ಹಂಚಿಹೋಗುವ ರೀತಿ. ಸೇವೆಯ ಒಟ್ಟು ವೆಚ್ಚ ಕಡಿಮೆಯಾಯಿತೇ ಎಂಬುದು ದಕ್ಷತೆಯ ಪ್ರಶ್ನೆ. ಆ ಉಳಿತಾಯ ಯಾರಿಗೆ ದಕ್ಕಿತು, ಹೊರೆ ಯಾರ ಮೇಲೆ ಬಿದ್ದಿತು ಎಂಬುದು ಹಂಚಿಕೆಯ ಪ್ರಶ್ನೆ. ಸಾರ್ವಜನಿಕ ಅರ್ಥಶಾಸ್ತ್ರದಲ್ಲಿ ಈ ಎರಡನೆಯ ಪ್ರಶ್ನೆಯ ಚರ್ಚೆಗೆ ಹೆಚ್ಚಾಗಿ ಉದಾಹರಿಸಲ್ಪಡುವ ಪ್ರಕರಣಗಳಲ್ಲಿ 1990ರ ದಶಕದ ಅರ್ಜೆಂಟೀನಾದ ನೀರು ಸರಬರಾಜು ಒಂದು. ಸೆಬಾಸ್ಟಿಯನ್ ಗಲಿಯಾನಿ, ಪಾಲ್ ಗರ್ಟ್ಲರ್ ಮತ್ತು ಅರ್ನೆಸ್ಟೊ ಶಾರ್ಗ್ರೋಡ್ಸ್ಕಿ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ‘ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ’ ಪತ್ರಿಕೆಯಲ್ಲಿ ಪ್ರಕಟಿಸಿದ ‘ವಾಟರ್ ಫಾರ್ ಲೈಫ್’ ಎಂಬ ಪ್ರಬಂಧವು ಈ ಪ್ರಕರಣವನ್ನು ಮಕ್ಕಳ ಮರಣದ ಅಂಕಿಅಂಶಗಳ ಮೂಲಕ ಪರಿಶೀಲಿಸುತ್ತದೆ. ಈ ಲೇಖನವು ಮುಖ್ಯವಾಗಿ ಆ ಪ್ರಬಂಧವನ್ನು ಆಧರಿಸಿ ವಿಷಯವನ್ನು ವಿವರಿಸುತ್ತದೆ.

## ಪ್ರಶ್ನೆಯ ಸ್ವರೂಪ

ಖಾಸಗೀಕರಣದ ಚರ್ಚೆ ಸಾಮಾನ್ಯವಾಗಿ ದರದ ಸುತ್ತ ನಡೆಯುತ್ತದೆ. ಖಾಸಗಿ ಸಂಸ್ಥೆ ಲಾಭಕ್ಕಾಗಿ ದರ ಏರಿಸುತ್ತದೆ, ಬಡವರು ತಮ್ಮ ಆದಾಯದ ಹೆಚ್ಚು ಪಾಲನ್ನು ನೀರಿಗೂ ವಿದ್ಯುತ್ತಿಗೂ ವ್ಯಯಿಸುವುದರಿಂದ ಏರಿಕೆಯ ಪೆಟ್ಟು ಅವರಿಗೇ ಹೆಚ್ಚು ಬೀಳುತ್ತದೆ ಎಂಬುದು ಪ್ರಚಲಿತ ವಾದ. ಈ ವಾದದ ತರ್ಕ ಸರಿಯಾಗಿಯೇ ಇದೆ. ಆದರೆ ಇದು ಎಲ್ಲ ಕುಟುಂಬಗಳೂ ಈಗಾಗಲೇ ಸೇವೆಯನ್ನು ಪಡೆಯುತ್ತಿವೆ ಎಂದು ಮೊದಲೇ ಭಾವಿಸಿಕೊಳ್ಳುತ್ತದೆ.

ಅಭಿವೃದ್ಧಿಶೀಲ ದೇಶಗಳ ನಗರಗಳಲ್ಲಿ ವಾಸ್ತವ ಹಾಗಿರುವುದಿಲ್ಲ. ನಗರದ ಹಳೆಯ, ಸ್ಥಿತಿವಂತ ಬಡಾವಣೆಗಳಿಗೆ ಕೊಳವೆಗಳು ಮೊದಲು ತಲುಪಿರುತ್ತವೆ. ಅಂಚಿನಲ್ಲಿ ಬೆಳೆದ ಬಡಾವಣೆಗಳು ಜಾಲದ ಹೊರಗೆ ಉಳಿದಿರುತ್ತವೆ. ಸಾರ್ವಜನಿಕ ಸಂಸ್ಥೆಯು ವೆಚ್ಚಕ್ಕಿಂತ ಕಡಿಮೆ ದರದಲ್ಲಿ ನೀರು ಕೊಟ್ಟರೆ ಆ ಸಹಾಯಧನ ಸೇರುವುದು ನಲ್ಲಿ ಇರುವ ಮನೆಗೇ ಹೊರತು ಇಲ್ಲದ ಮನೆಗಲ್ಲ. ನಲ್ಲಿ ಇಲ್ಲದವರು ಬಾವಿಯ ನೀರನ್ನೋ ನೆರೆಯವರ ನೀರನ್ನೋ ಅವಲಂಬಿಸುತ್ತಾರೆ, ಇಲ್ಲವೇ ಟ್ಯಾಂಕರ್ ನೀರನ್ನು ಹೆಚ್ಚಿನ ಬೆಲೆಗೆ ಕೊಳ್ಳುತ್ತಾರೆ.

ಆದುದರಿಂದ ಹಂಚಿಕೆಯನ್ನು ಅಳೆಯುವಾಗ ಮೂರು ಅಂಶಗಳನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ: ಈಗಾಗಲೇ ಸಂಪರ್ಕವಿರುವವರು ತೆರುವ ದರ, ಹೊಸದಾಗಿ ಸಂಪರ್ಕ ಪಡೆಯುವವರ ಸಂಖ್ಯೆ, ಮತ್ತು ಆ ಹೊಸ ಸಂಪರ್ಕದ ವೆಚ್ಚವನ್ನು ಭರಿಸುವವರು ಯಾರು ಎಂಬುದು. ಅರ್ಜೆಂಟೀನಾದ ಪ್ರಕರಣದಲ್ಲಿ ಮೂರನೆಯ ಅಂಶವೇ ನಿರ್ಣಾಯಕವಾಯಿತು.

## ಹಿನ್ನೆಲೆ

ಅರ್ಜೆಂಟೀನಾದಲ್ಲಿ ನೀರು ಮತ್ತು ಒಳಚರಂಡಿ ಸೇವೆಯನ್ನು ಬಹುಕಾಲ ‘ಒಬ್ರಾಸ್ ಸಾನಿಟಾರಿಯಾಸ್ ದೆ ಲಾ ನಾಸಿಯೊನ್’ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ನೋಡಿಕೊಳ್ಳುತ್ತಿತ್ತು. 1980ರಲ್ಲಿ ಸೇವೆಯನ್ನು ಪ್ರಾಂತಗಳಿಗೆ ಹಂಚಿದ ಮೇಲೆ ಈ ಸಂಸ್ಥೆಯ ಹೊಣೆ ರಾಜಧಾನಿ ಬ್ಯೂನಸ್ ಐರಿಸ್ ಮತ್ತು ಅದಕ್ಕೆ ಹೊಂದಿಕೊಂಡ ಉಪನಗರಗಳಿಗೆ ಸೀಮಿತವಾಯಿತು. ಅಲ್ಲಿ ಬಹುಪಾಲು ಮನೆಗಳಿಗೆ ಮೀಟರ್ ಇರಲಿಲ್ಲ. ಬಳಸಿದ ನೀರಿನ ಪ್ರಮಾಣಕ್ಕೆ ಬದಲಾಗಿ ಮನೆಯ ವಿಸ್ತೀರ್ಣ, ಕಟ್ಟಡದ ಬಗೆ ಮತ್ತು ಅದು ಇರುವ ಪ್ರದೇಶವನ್ನು ನೋಡಿ ಶುಲ್ಕ ವಿಧಿಸಲಾಗುತ್ತಿತ್ತು. ಕೊಳವೆಗಳಲ್ಲಿ ಸೋರಿಕೆ ಹೆಚ್ಚಾಗಿತ್ತು; ಬೇಸಿಗೆಯಲ್ಲಿ ನೀರಿನ ಒತ್ತಡ ಕುಸಿಯುತ್ತಿತ್ತು. 1980ರ ದಶಕದ ಹಣದುಬ್ಬರ ಮತ್ತು ಸರ್ಕಾರದ ಹಣಕಾಸಿನ ಮುಗ್ಗಟ್ಟಿನಿಂದಾಗಿ ಹೊಸ ಕೊಳವೆ ಹಾಕುವುದು ಬಹುಮಟ್ಟಿಗೆ ನಿಂತುಹೋಗಿತ್ತು.

1989ರಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಕಾರ್ಲೋಸ್ ಮೆನೆಮ್ ಅವರ ಸರ್ಕಾರ ದೂರವಾಣಿ, ವಿದ್ಯುತ್, ಅನಿಲ ಮೊದಲಾದ ಸೇವೆಗಳನ್ನು ಒಂದಾದ ಮೇಲೊಂದರಂತೆ ಖಾಸಗೀಕರಿಸಿತು. ನೀರಿನ ವಿಷಯದಲ್ಲಿ ಆಸ್ತಿಯನ್ನು ಮಾರದೆ, ನಿರ್ದಿಷ್ಟ ಅವಧಿಗೆ ಸೇವೆಯನ್ನು ಗುತ್ತಿಗೆಗೆ ಕೊಡುವ ಕ್ರಮವನ್ನು ಅನುಸರಿಸಲಾಯಿತು. ಕೊಳವೆಗಳು ಸರ್ಕಾರದ ಆಸ್ತಿಯಾಗಿಯೇ ಉಳಿಯುತ್ತವೆ. ಅವುಗಳ ನಿರ್ವಹಣೆ, ವಿಸ್ತರಣೆ ಮತ್ತು ಶುಲ್ಕ ವಸೂಲಿಯ ಹೊಣೆ ಗುತ್ತಿಗೆದಾರನದು.

ಬ್ಯೂನಸ್ ಐರಿಸ್‌ನ ಗುತ್ತಿಗೆ 1993ರ ಮೇ ತಿಂಗಳಲ್ಲಿ ಫ್ರಾನ್ಸಿನ ಲಿಯೊನೇಸ್ ದೆಜ಼ೋ (ಮುಂದೆ ಸುಯೆಜ಼್) ಮುಂದಾಳತ್ವದ ‘ಅಗ್ವಾಸ್ ಅರ್ಜೆಂಟಿನಾಸ್’ ಸಂಸ್ಥೆಗೆ 30 ವರ್ಷಗಳ ಅವಧಿಗೆ ದೊರಕಿತು. ಅತ್ಯಂತ ಕಡಿಮೆ ದರ ಕೇಳಿದವರಿಗೆ ಗುತ್ತಿಗೆ ಎಂಬುದು ಹರಾಜಿನ ನಿಯಮವಾಗಿತ್ತು. ಗೆದ್ದ ಸಂಸ್ಥೆ ಚಾಲ್ತಿಯಲ್ಲಿದ್ದ ದರಕ್ಕಿಂತ ಶೇ. 26.9ರಷ್ಟು ಕಡಿತ ಸೂಚಿಸಿತ್ತು. ಮುಂದಿನ ವರ್ಷವೇ, ಅಂದರೆ 1994ರಲ್ಲಿ, ಮಾತುಕತೆಯ ಮೂಲಕ ದರವನ್ನು ಶೇ. 13.5ರಷ್ಟು ಏರಿಸಲಾಯಿತು.

ಇತರ ಪಟ್ಟಣಗಳಲ್ಲಿ ಬದಲಾವಣೆ ಒಂದೇ ಸಲ ನಡೆಯಲಿಲ್ಲ. ದಶಕದ ಅಂತ್ಯದ ವೇಳೆಗೆ ದೇಶದ ಪುರಸಭೆಗಳಲ್ಲಿ ಸುಮಾರು ಶೇ. 30ರಷ್ಟು ಖಾಸಗಿ ನಿರ್ವಹಣೆಗೆ ಬಂದಿದ್ದವು. ಉಳಿದವು ಸರ್ಕಾರಿ ಸಂಸ್ಥೆಗಳ ಅಥವಾ ಬಳಕೆದಾರರ ಸಹಕಾರ ಸಂಘಗಳ ಕೈಯಲ್ಲಿಯೇ ಇದ್ದವು. ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ ಎರಡೂ ಬಗೆಯ ಊರುಗಳು ಅಕ್ಕಪಕ್ಕದಲ್ಲಿದ್ದುದೇ ಹೋಲಿಕೆಗೆ ಅವಕಾಶ ಒದಗಿಸಿತು.

## ಅಧ್ಯಯನದ ವಿಧಾನ

ಪ್ರಬಂಧದ ಲೇಖಕರು ಅಳತೆಗೋಲಾಗಿ ಆರಿಸಿಕೊಂಡದ್ದು ಐದು ವರ್ಷದೊಳಗಿನ ಮಕ್ಕಳ ಮರಣ. ಇದಕ್ಕೆ ಸ್ಪಷ್ಟ ಕಾರಣವಿದೆ. ಕಲುಷಿತ ನೀರಿನಿಂದ ಬರುವ ಅತಿಸಾರ ಮತ್ತು ಇತರ ಸೋಂಕುಗಳಿಗೆ ಚಿಕ್ಕ ಮಕ್ಕಳು ಬೇಗ ಬಲಿಯಾಗುತ್ತಾರೆ. ನೀರು ಶುದ್ಧವಾದರೆ ಆ ಬದಲಾವಣೆ ಮರಣದ ದಾಖಲೆಗಳಲ್ಲಿ ಕೆಲವೇ ವರ್ಷಗಳಲ್ಲಿ ಕಾಣಿಸುತ್ತದೆ. ಅಲ್ಲದೆ ಸಂಸ್ಥೆಯ ಲೆಕ್ಕಪತ್ರ ಅಥವಾ ಗ್ರಾಹಕರ ಅಭಿಪ್ರಾಯಕ್ಕಿಂತ ಮರಣದ ದಾಖಲೆ ಹೆಚ್ಚು ನಂಬಲರ್ಹ. ಅದನ್ನು ಬರೆದಿಡುವವರಿಗೆ ಖಾಸಗೀಕರಣದ ಪರ ಅಥವಾ ವಿರುದ್ಧ ಯಾವ ಹಿತಾಸಕ್ತಿಯೂ ಇರುವುದಿಲ್ಲ.

ಖಾಸಗೀಕರಣವಾದ ಊರುಗಳಲ್ಲಿ ಮರಣ ಕಡಿಮೆಯಾಯಿತು ಎಂದಷ್ಟೇ ತೋರಿಸಿದರೆ ಏನೂ ಸಿದ್ಧವಾಗುವುದಿಲ್ಲ. 1990ರ ದಶಕದಲ್ಲಿ ಅರ್ಜೆಂಟೀನಾದ ಎಲ್ಲೆಡೆ ಮಕ್ಕಳ ಮರಣ ಇಳಿಯುತ್ತಿತ್ತು. ಆದ್ದರಿಂದ ಲೇಖಕರು ‘ವ್ಯತ್ಯಾಸಗಳ ವ್ಯತ್ಯಾಸ’ ಎಂಬ ವಿಧಾನವನ್ನು ಬಳಸಿದರು. ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಖಾಸಗೀಕರಣವಾದ ಊರುಗಳಲ್ಲಿ ಮರಣ 10,000 ಮಕ್ಕಳಿಗೆ 60ರಿಂದ 40ಕ್ಕೆ ಇಳಿಯಿತು ಎಂದುಕೊಳ್ಳೋಣ. ಅದೇ ಅವಧಿಯಲ್ಲಿ ಉಳಿದ ಊರುಗಳಲ್ಲಿ ಅದು 60ರಿಂದ 45ಕ್ಕೆ ಇಳಿದಿದ್ದರೆ, ಮೊದಲನೆಯ ಇಳಿಕೆ 20, ಎರಡನೆಯದು 15. ಎಲ್ಲೆಡೆ ಸಮಾನವಾಗಿ ನಡೆದ 15ರ ಇಳಿಕೆಗೆ ಲಸಿಕೆ, ಆಸ್ಪತ್ರೆ, ಆದಾಯ ಮುಂತಾದ ಬೇರೆ ಕಾರಣಗಳಿವೆ. ಹೆಚ್ಚುವರಿ 5 ಮಾತ್ರ ಖಾಸಗೀಕರಣಕ್ಕೆ ಸಂಬಂಧಿಸಿದ್ದು.

ಈ ತರ್ಕ ನಿಲ್ಲಬೇಕಾದರೆ, ಖಾಸಗೀಕರಣ ನಡೆಯದೇ ಇದ್ದಿದ್ದರೆ ಎರಡೂ ಗುಂಪುಗಳಲ್ಲಿ ಮರಣ ಸಮಾನ ವೇಗದಲ್ಲಿ ಇಳಿಯುತ್ತಿತ್ತು ಎಂಬುದು ನಿಜವಾಗಿರಬೇಕು. ಇದನ್ನು ನೇರವಾಗಿ ನೋಡಲಾಗದು. ಆದರೆ ಪರೋಕ್ಷವಾಗಿ ಪರೀಕ್ಷಿಸಬಹುದು. ಹೆಚ್ಚಿನ ಊರುಗಳಲ್ಲಿ ಖಾಸಗೀಕರಣ ನಡೆದದ್ದು 1995ರ ನಂತರ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಎರಡು ಗುಂಪುಗಳ ಮರಣದ ರೇಖೆಗಳು ಸಮಾನಾಂತರವಾಗಿ ಸಾಗುತ್ತಿದ್ದವು. ಬಳಿಕ ಅವು ಬೇರೆಯಾದವು. ಯಾವ ಪಕ್ಷ ಸ್ಥಳೀಯವಾಗಿ ಅಧಿಕಾರದಲ್ಲಿತ್ತು, ಊರಿನ ಆರ್ಥಿಕ ಸ್ಥಿತಿ ಹೇಗಿತ್ತು ಎಂಬಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಫಲಿತಾಂಶ ಬದಲಾಗಲಿಲ್ಲ.

## ಫಲಿತಾಂಶಗಳು

ನೀರು ಸರಬರಾಜು ಖಾಸಗೀಕರಣವಾದ ಪ್ರದೇಶಗಳಲ್ಲಿ ಮಕ್ಕಳ ಮರಣ ಸುಮಾರು ಶೇ. 8ರಷ್ಟು ಕಡಿಮೆಯಾಯಿತು ಎಂಬುದು ಪ್ರಬಂಧದ ಮುಖ್ಯ ಫಲಿತಾಂಶ. ಹಂಚಿಕೆಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದದ್ದು ಈ ಸರಾಸರಿಯ ಒಳಗೆ ಅಡಗಿರುವ ಸಂಗತಿ. ಲೇಖಕರು ಊರುಗಳನ್ನು ಬಡತನದ ಮಟ್ಟಕ್ಕೆ ಅನುಗುಣವಾಗಿ ವಿಂಗಡಿಸಿದಾಗ, ಸ್ಥಿತಿವಂತ ಊರುಗಳಲ್ಲಿ ಗಮನಾರ್ಹ ಪರಿಣಾಮವೇನೂ ಕಾಣಲಿಲ್ಲ. ಅತ್ಯಂತ ಬಡ ಪ್ರದೇಶಗಳಲ್ಲಿ ಮಾತ್ರ ಇಳಿಕೆ ಸುಮಾರು ಶೇ. 26ರಷ್ಟಿತ್ತು.

ಈ ಇಳಿಕೆಗೆ ನೀರೇ ಕಾರಣ ಎಂದು ತಿಳಿಯುವುದು ಹೇಗೆ? ಇದಕ್ಕಾಗಿ ಲೇಖಕರು ಮರಣವನ್ನು ಕಾರಣಕ್ಕೆ ಅನುಗುಣವಾಗಿ ಬೇರ್ಪಡಿಸಿದರು. ಸೋಂಕು ಮತ್ತು ಪರಾವಲಂಬಿ ಜೀವಿಗಳಿಂದ ಬರುವ ರೋಗಗಳ ಸಾವುಗಳು ಸ್ಪಷ್ಟವಾಗಿ ಇಳಿದಿದ್ದವು. ಅಪಘಾತ, ಹೃದ್ರೋಗ, ಕ್ಯಾನ್ಸರ್ ಮೊದಲಾದ, ನೀರಿಗೆ ಸಂಬಂಧವಿಲ್ಲದ ಕಾರಣಗಳ ಸಾವುಗಳಿಗೂ ಖಾಸಗೀಕರಣಕ್ಕೂ ಸಂಬಂಧ ಕಾಣಲಿಲ್ಲ. ಆ ಊರುಗಳಲ್ಲಿ ಆಸ್ಪತ್ರೆಗಳು ಸುಧಾರಿಸಿದ್ದೋ ಆದಾಯ ಹೆಚ್ಚಿದ್ದೋ ನಿಜವಾದ ಕಾರಣವಾಗಿದ್ದರೆ ಎಲ್ಲ ಬಗೆಯ ಸಾವುಗಳೂ ಸ್ವಲ್ಪವಾದರೂ ಇಳಿಯಬೇಕಿತ್ತು.

## ಲಾಭ ಬಡವರಿಗೆ ಸೇರಿದ್ದು ಏಕೆ

ಈ ಫಲಿತಾಂಶವನ್ನು ಖಾಸಗಿ ಸಂಸ್ಥೆಗಳ ಔದಾರ್ಯವೆಂದು ವಿವರಿಸಬೇಕಾಗಿಲ್ಲ. ಸ್ಥಿತಿವಂತರ ಮನೆಗಳಿಗೆ ಸಂಸ್ಕರಿಸಿದ ನೀರು ಮೊದಲೇ ಬರುತ್ತಿತ್ತು. ಬಾರದಿದ್ದರೂ ಅವರು ಬೇರೆ ಶುದ್ಧ ನೀರನ್ನು ಕೊಳ್ಳಬಲ್ಲವರಾಗಿದ್ದರು, ಕಾಯಿಲೆ ಬಂದರೆ ವೈದ್ಯರ ಬಳಿಗೆ ಹೋಗಬಲ್ಲವರಾಗಿದ್ದರು. ಅವರ ಮಕ್ಕಳು ನೀರಿನ ರೋಗದಿಂದ ಸಾಯುವುದು ವಿರಳವಾಗಿತ್ತು. ಆದ್ದರಿಂದ ಅವರಲ್ಲಿ ಇಳಿಯುವುದಕ್ಕೆ ಹೆಚ್ಚು ಸಾವುಗಳೇ ಇರಲಿಲ್ಲ. ಬಡ ಬಡಾವಣೆಗಳಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ಆಳವಿಲ್ಲದ ಬಾವಿಗಳ ಪಕ್ಕದಲ್ಲಿಯೇ ಶೌಚದ ಗುಂಡಿಗಳಿದ್ದ ಕಡೆ ಒಂದು ಕೊಳವೆ ಬಂದರೆ ಅದರ ಪರಿಣಾಮ ದೊಡ್ಡದು.

ಇನ್ನೊಂದು ಕಾರಣ ಹೂಡಿಕೆ. ಬ್ಯೂನಸ್ ಐರಿಸ್‌ನಲ್ಲಿ ಖಾಸಗಿ ಸಂಸ್ಥೆಯ ವಾರ್ಷಿಕ ಹೂಡಿಕೆ, ಹಿಂದಿನ ದಶಕದಲ್ಲಿ ಸರ್ಕಾರಿ ಸಂಸ್ಥೆ ಮಾಡುತ್ತಿದ್ದ ಹೂಡಿಕೆಯ ಹಲವು ಪಟ್ಟು ಇತ್ತು. ಜಾಲ ವಿಸ್ತರಿಸಿತು, ಸೋರಿಕೆಯ ದುರಸ್ತಿ ವೇಗವಾಯಿತು, ಬೇಸಿಗೆಯ ಕೊರತೆ ತಗ್ಗಿತು. ಜಾಲವು ಮಧ್ಯಭಾಗದಲ್ಲಿ ಆಗಲೇ ಪೂರ್ಣಗೊಂಡಿದ್ದರಿಂದ ಹೊಸ ಕೊಳವೆಗಳು ಹೋಗಬೇಕಾದದ್ದು ಅಂಚಿನ ಬಡಾವಣೆಗಳಿಗೇ ಆಗಿತ್ತು.

## ಸಂಪರ್ಕದ ವೆಚ್ಚ ಯಾರ ಪಾಲಿಗೆ

ಹೊಸ ಕೊಳವೆಗಳು ಬಡವರ ಬೀದಿಗೆ ಹೋಗುವುದು ಒಂದು ಮಾತು. ಅವು ಬಡವರ ಮನೆಯೊಳಗೆ ಹೋಗುವುದು ಇನ್ನೊಂದು ಮಾತು. ಬ್ಯೂನಸ್ ಐರಿಸ್‌ನ ಮೂಲ ಒಪ್ಪಂದದಲ್ಲಿ ಜಾಲ ವಿಸ್ತರಣೆಯ ವೆಚ್ಚವನ್ನು ಹೊಸ ಗ್ರಾಹಕರಿಂದಲೇ ‘ಮೂಲಸೌಕರ್ಯ ಶುಲ್ಕ’ವಾಗಿ ವಸೂಲು ಮಾಡಬೇಕೆಂದಿತ್ತು. ನೀರು ಮತ್ತು ಒಳಚರಂಡಿ ಎರಡನ್ನೂ ಸೇರಿಸಿದರೆ ಈ ಶುಲ್ಕ ಸಾವಿರ ಡಾಲರ್ ಮೀರುತ್ತಿತ್ತು.

ಇದರ ಅರ್ಥವನ್ನು ಎರಡು ಕಾಲ್ಪನಿಕ ಕುಟುಂಬಗಳ ಮೂಲಕ ನೋಡಬಹುದು. ಮೊದಲನೆಯ ಕುಟುಂಬಕ್ಕೆ ಸಂಪರ್ಕ ಮೊದಲೇ ಇದೆ. ತಿಂಗಳಿಗೆ 20 ಡಾಲರ್ ಕೊಡುತ್ತಿತ್ತು. ಶೇ. 26.9ರ ಕಡಿತದಿಂದ ಅದರ ಬಿಲ್ಲು ಸುಮಾರು 14.60 ಡಾಲರಿಗೆ ಇಳಿಯುತ್ತದೆ. ಏನೂ ಮಾಡದೆ ಅದಕ್ಕೆ ಲಾಭ ದೊರೆಯಿತು. ಎರಡನೆಯ ಕುಟುಂಬಕ್ಕೆ ಸಂಪರ್ಕವಿಲ್ಲ. ನೀರಿಗಾಗಿ ತಿಂಗಳಿಗೆ 30 ಡಾಲರ್ ವ್ಯಯಿಸುತ್ತಿದೆ. ನಲ್ಲಿ ಹಾಕಿಸಿಕೊಂಡರೆ ಬಿಲ್ಲು 14.60 ಡಾಲರ್ ಮಾತ್ರ. ಆದರೆ ಶುಲ್ಕ 1,100 ಡಾಲರ್ ಎಂದಿಟ್ಟುಕೊಂಡು ಅದನ್ನು ಎರಡು ವರ್ಷಗಳಲ್ಲಿ ಕಂತಿನಲ್ಲಿ ತೀರಿಸುವುದಾದರೆ, ತಿಂಗಳಿಗೆ ಇನ್ನೂ ಸುಮಾರು 46 ಡಾಲರ್ ಸೇರುತ್ತದೆ. ಎರಡು ವರ್ಷಗಳ ಕಾಲ 30ರ ಬದಲು 60 ಡಾಲರಿಗಿಂತ ಹೆಚ್ಚು ಕೊಡಬೇಕು. ದೀರ್ಘಕಾಲದಲ್ಲಿ ಇದು ಲಾಭದಾಯಕವಾದರೂ, ದಿನಗೂಲಿಯ ಮೇಲೆ ಬದುಕುವ ಕುಟುಂಬ ಆ ಎರಡು ವರ್ಷಗಳನ್ನು ದಾಟಲಾರದು.

ದರದ ಕಡಿತವೂ ಭಾರೀ ಸಂಪರ್ಕ ಶುಲ್ಕವೂ ಒಂದೇ ಒಪ್ಪಂದದ ಎರಡು ಮುಖಗಳು. ಬಳಕೆಯ ದರವೇ ಹರಾಜಿನ ಮಾನದಂಡವಾಗಿದ್ದರಿಂದ ವಿಸ್ತರಣೆಯ ಹಣ ಬೇರೆಡೆಯಿಂದ ಬರಬೇಕಿತ್ತು. ಅದು ಬಂದದ್ದು ಸಂಪರ್ಕವಿಲ್ಲದವರಿಂದ. ಹೀಗೆ ಹಳೆಯ ಗ್ರಾಹಕರ ಲಾಭದ ಒಂದು ಪಾಲನ್ನು ಹೊರಗಿದ್ದ ಬಡವರು ತುಂಬಿಕೊಡುವ ಸ್ಥಿತಿ ಉಂಟಾಯಿತು. ಶುಲ್ಕದ ವಿರುದ್ಧ ಪ್ರತಿಭಟನೆಗಳು ನಡೆದವು. ಅನೇಕರು ಶುಲ್ಕ ಕಟ್ಟಲಿಲ್ಲ.

1997ರ ಮರುಮಾತುಕತೆಯಲ್ಲಿ ಈ ವ್ಯವಸ್ಥೆ ಬದಲಾಯಿತು. ಮೂಲಸೌಕರ್ಯ ಶುಲ್ಕವನ್ನು ಕೈಬಿಟ್ಟು, ಎಲ್ಲ ಗ್ರಾಹಕರ ಬಿಲ್ಲಿಗೂ ಒಂದು ಸಣ್ಣ ನಿಗದಿತ ಮೊತ್ತವನ್ನು ಸೇರಿಸಲಾಯಿತು. ಹೊಸ ಸಂಪರ್ಕಕ್ಕೆ ಸುಮಾರು 120 ಡಾಲರ್ ಮಾತ್ರ, ಅದೂ ಐದು ವರ್ಷಗಳ ಕಂತುಗಳಲ್ಲಿ. ಮೇಲಿನ ಎರಡನೆಯ ಕುಟುಂಬಕ್ಕೆ ಇದು ತಿಂಗಳಿಗೆ ಎರಡು ಡಾಲರ್ ಮಾತ್ರ. ಮೊದಲನೆಯ ಕುಟುಂಬದ ಬಿಲ್ಲು ಸ್ವಲ್ಪ ಏರಿತು. ನಿರೀಕ್ಷಿಸಬಹುದಾದಂತೆ ಈಗ ಆಕ್ಷೇಪಿಸಿದವರು ಹಳೆಯ ಗ್ರಾಹಕರ ಪರವಾಗಿದ್ದವರು. ಸಂಸ್ಥೆ ಅದೇ, ಮಾಲೀಕತ್ವ ಅದೇ. ವೆಚ್ಚ ಹಂಚುವ ನಿಯಮ ಬದಲಾದೊಡನೆ ಗೆದ್ದವರೂ ಸೋತವರೂ ಬದಲಾದರು.

## ಲೆಕ್ಕಕ್ಕೆ ಬಾರದ ನಷ್ಟಗಳು

ಮಕ್ಕಳ ಮರಣದ ಅಳತೆಗೋಲು ಕೆಲವು ನಷ್ಟಗಳನ್ನು ತೋರಿಸುವುದಿಲ್ಲ. ಅವುಗಳಲ್ಲಿ ಉದ್ಯೋಗ ಮುಖ್ಯವಾದುದು. ಬ್ಯೂನಸ್ ಐರಿಸ್‌ನ ನೀರಿನ ಸಂಸ್ಥೆಯ ನೌಕರರ ಸಂಖ್ಯೆ ಖಾಸಗೀಕರಣದ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಲವರು ಸ್ವಯಂನಿವೃತ್ತಿ ಯೋಜನೆಯಲ್ಲಿ ಹೊರಬಂದರು. ದಕ್ಷತೆಯ ಲೆಕ್ಕದಲ್ಲಿ ಇದು ಉಳಿತಾಯ. ಹಂಚಿಕೆಯ ಲೆಕ್ಕದಲ್ಲಿ ಒಂದು ವರ್ಗದಿಂದ ಇನ್ನೊಂದಕ್ಕೆ ನಡೆದ ವರ್ಗಾವಣೆ.

ಎಲ್ಲ ಗುತ್ತಿಗೆಗಳೂ ಒಂದೇ ರೀತಿ ನಡೆಯಲಿಲ್ಲ ಎಂಬುದು ಇನ್ನೊಂದು ಸಂಗತಿ. ಟುಕುಮಾನ್ ಪ್ರಾಂತದಲ್ಲಿ 1995ರಲ್ಲಿ ಗುತ್ತಿಗೆ ಆರಂಭವಾದಾಗ ದರ ಸುಮಾರು ದ್ವಿಗುಣವಾಯಿತು. ಜನರು ಬಿಲ್ಲು ಕಟ್ಟುವುದನ್ನು ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ ಹೊರಹೋಯಿತು. ಇಡೀ ದೇಶದ ಸರಾಸರಿ ಫಲಿತಾಂಶದಲ್ಲಿ ಇಂತಹ ಊರುಗಳ ಅನುಭವ ಕರಗಿಹೋಗುತ್ತದೆ.

## ಟೀಕೆ ಮತ್ತು ಮಿತಿಗಳು

ಪ್ರಬಂಧದ ಫಲಿತಾಂಶವನ್ನು ‘ಖಾಸಗಿ ಮಾಲೀಕತ್ವ ಮಕ್ಕಳನ್ನು ಉಳಿಸುತ್ತದೆ’ ಎಂದು ಸಂಕ್ಷೇಪಿಸುವುದು ಸರಿಯಲ್ಲ. ಹೋಲಿಕೆ ನಡೆದದ್ದು ಹೂಡಿಕೆ ಸಿಕ್ಕ ಖಾಸಗಿ ಸಂಸ್ಥೆಗಳು ಮತ್ತು ಹಣಕಾಸಿನ ಮುಗ್ಗಟ್ಟಿನಲ್ಲಿದ್ದ ಸರ್ಕಾರಿ ಸಂಸ್ಥೆಗಳ ನಡುವೆ. ಅಷ್ಟೇ ಹಣವನ್ನು ಸರ್ಕಾರಿ ಸಂಸ್ಥೆಗೆ ಒದಗಿಸಿದ್ದರೆ ಇದೇ ಫಲ ದೊರೆಯುತ್ತಿತ್ತೇ ಎಂಬ ಪ್ರಶ್ನೆಗೆ ಈ ದತ್ತಾಂಶದಿಂದ ಉತ್ತರ ಸಿಗುವುದಿಲ್ಲ.

ಜಾರ್ಜ್ ಕ್ಲಾರ್ಕ್, ಕತ್ರಿನಾ ಕೊಸೆಕ್ ಮತ್ತು ಸ್ಕಾಟ್ ವಾಲ್ಸ್ಟೆನ್ ಅವರು ಅರ್ಜೆಂಟೀನಾ, ಬೊಲಿವಿಯಾ ಮತ್ತು ಬ್ರೆಜಿಲ್ ದೇಶಗಳ ಮನೆಗಳ ಸಮೀಕ್ಷೆಗಳನ್ನು ಬಳಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎಚ್ಚರಿಕೆಯನ್ನು ಬಲಪಡಿಸುತ್ತದೆ. ಖಾಸಗಿ ನಿರ್ವಹಣೆಯ ನಗರಗಳಲ್ಲಿ ಸಂಪರ್ಕಗಳು ಹೆಚ್ಚಿದ್ದು ನಿಜ. ಆದರೆ ಸರ್ಕಾರಿ ನಿರ್ವಹಣೆಯ ನಗರಗಳಲ್ಲಿಯೂ ಅವು ಹೆಚ್ಚಿದ್ದವು, ಆದ್ದರಿಂದ ಏರಿಕೆಯನ್ನು ಖಾಸಗೀಕರಣಕ್ಕೇ ಆರೋಪಿಸಲಾಗದು ಎಂದು ಅವರು ತೋರಿಸಿದರು. ಎರಡು ಅಧ್ಯಯನಗಳ ಅಳತೆಗೋಲು ಬೇರೆ: ಒಂದು ಸಾವುಗಳನ್ನು ಎಣಿಸುತ್ತದೆ, ಇನ್ನೊಂದು ನಲ್ಲಿಗಳನ್ನು. ನಲ್ಲಿಯಲ್ಲಿ ಬರುವ ನೀರಿನ ಗುಣಮಟ್ಟ ಮತ್ತು ನಿರಂತರತೆ ನಲ್ಲಿಗಳ ಎಣಿಕೆಯಲ್ಲಿ ಕಾಣುವುದಿಲ್ಲ.

## ನಂತರದ ಬೆಳವಣಿಗೆಗಳು

ಪ್ರಬಂಧದ ದತ್ತಾಂಶ 1999ಕ್ಕೆ ಕೊನೆಗೊಳ್ಳುತ್ತದೆ. 2001ರ ಅಂತ್ಯದಲ್ಲಿ ಅರ್ಜೆಂಟೀನಾದ ಆರ್ಥಿಕತೆ ಕುಸಿಯಿತು. 2002ರ ಜನವರಿಯಲ್ಲಿ ಪೆಸೊ ಮತ್ತು ಡಾಲರ್‌ಗಳ ಸಮಮೌಲ್ಯವನ್ನು ಕೈಬಿಟ್ಟ ಸರ್ಕಾರ, ಸಾರ್ವಜನಿಕ ಸೇವೆಗಳ ದರಗಳನ್ನು ಪೆಸೊಗಳಲ್ಲಿ ಸ್ಥಗಿತಗೊಳಿಸಿತು. ಅಗ್ವಾಸ್ ಅರ್ಜೆಂಟಿನಾಸ್‌ನ ಸಾಲ ಡಾಲರುಗಳಲ್ಲಿತ್ತು, ಆದಾಯ ಮೌಲ್ಯ ಕಳೆದುಕೊಂಡ ಪೆಸೊಗಳಲ್ಲಿತ್ತು. ದರ ಸ್ಥಗಿತದಿಂದ ಗ್ರಾಹಕರಿಗೆ ಆಗಿನ ಮಟ್ಟಿಗೆ ರಕ್ಷಣೆ ದೊರೆಯಿತು; ಹೊಸ ಕೊಳವೆಗಳ ಹೂಡಿಕೆ ಕುಗ್ಗಿತು. 2006ರ ಮಾರ್ಚ್‌ನಲ್ಲಿ ಸರ್ಕಾರ ಗುತ್ತಿಗೆಯನ್ನು ರದ್ದುಪಡಿಸಿ ‘ಅಯ್ಸಾ’ ಎಂಬ ಸರ್ಕಾರಿ ಒಡೆತನದ ಸಂಸ್ಥೆಯನ್ನು ಸ್ಥಾಪಿಸಿತು. ವಿದೇಶಿ ಹೂಡಿಕೆದಾರರು ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋದರು. 2015ರಲ್ಲಿ ಸುಯೆಜ಼್ ಮತ್ತು ಅದರ ಪಾಲುದಾರರಿಗೆ ಸುಮಾರು 40.5 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ತೀರ್ಪು ಬಂದಿತು. ಆ ಮೊತ್ತದ ಹೊರೆ ಬೀಳುವುದು ನೀರಿನ ಗ್ರಾಹಕರ ಮೇಲಲ್ಲ, ಇಡೀ ದೇಶದ ತೆರಿಗೆದಾರರ ಮೇಲೆ. ಹೀಗೆ ಒಂದು ಗುತ್ತಿಗೆಯ ಹಂಚಿಕೆಯ ಪರಿಣಾಮ ಗುತ್ತಿಗೆ ಮುಗಿದ ಮೇಲೂ ಮುಂದುವರಿಯುತ್ತದೆ.

## ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರ ಅಡಿಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ನಗರಗಳ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. ಅದರ ನಿರ್ವಹಣೆಯನ್ನು ಫ್ರಾನ್ಸಿನ ವಿಯೊಲಿಯಾ ಸಂಸ್ಥೆಗೆ ವಹಿಸಲಾಗಿತ್ತು. ಹುಬ್ಬಳ್ಳಿ-ಧಾರವಾಡದ ನಿರಂತರ ನೀರಿನ ವಾರ್ಡುಗಳನ್ನು ಕೆಲವು ದಿನಗಳಿಗೊಮ್ಮೆ ನೀರು ಬರುವ ವಾರ್ಡುಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಒಟ್ಟಾರೆ ಅತಿಸಾರದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ನಿರಂತರ ನೀರಿರುವ ಮನೆಗಳಲ್ಲಿ ಟೈಫಾಯ್ಡ್ ಕೂಡ ಕಡಿಮೆ ವರದಿಯಾಗಿತ್ತು. ಈ ಅಧ್ಯಯನ ಪರೀಕ್ಷಿಸಿದ್ದು ನಿರಂತರ ಸರಬರಾಜನ್ನು, ಖಾಸಗಿ ನಿರ್ವಹಣೆಯನ್ನಲ್ಲ. ಆದರೂ ಸರಾಸರಿಯಲ್ಲಿ ಕಾಣದ ಪರಿಣಾಮ ಬಡವರನ್ನು ಬೇರೆಯಾಗಿ ನೋಡಿದಾಗ ಕಾಣಿಸಿದ್ದು ಅರ್ಜೆಂಟೀನಾದ ಫಲಿತಾಂಶವನ್ನೇ ಹೋಲುತ್ತದೆ.